ಹತ್ತು ಸಿನಿಮಾ, ಐದು ವಾರಾಂತ್ಯ

2025ರ ಆಸ್ಕರ್ ನಾಮನಿರ್ದೇಶನಗಳು ಪ್ರಕಟವಾದದ್ದು ಜನವರಿ 23ರಂದು, ಸಮಾರಂಭ ನಡೆದದ್ದು ಮಾರ್ಚ್ 2ರಂದು. ನಡುವೆ ಸಿಕ್ಕಿದ್ದು 38 ದಿನ. ನ್ಯೂಜೆರ್ಸಿಯ ನಮ್ಮ ಪಕ್ಕದ ಮನೆಯಲ್ಲಿರುವ ನಿವೃತ್ತ ಗ್ರಂಥಪಾಲಕಿ, ಪಟ್ಟಿ ಬಂದ ಸಂಜೆಯೇ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕತೊಡಗಿದರು. ಮೂರು ವರ್ಷಗಳಿಂದ ಅವರ ಜೊತೆ ಸಿನಿಮಾ ನೋಡುವವಳು ನಾನು.

ಕಿರುಚಿತ್ರಗಳೂ ಸೇರಿ ಎಲ್ಲ ವಿಭಾಗಗಳ ಸುಮಾರು 50 ಚಿತ್ರಗಳನ್ನು ನೋಡುತ್ತೇನೆಂದು ಹೊರಟವರು ಎರಡನೆಯ ವಾರವೇ ಸೋಲುತ್ತಾರೆ ಎಂಬುದು ಅವರ ಅನುಭವ. ಆದ್ದರಿಂದ ಅತ್ಯುತ್ತಮ ಚಿತ್ರ ವಿಭಾಗದ ಹತ್ತಕ್ಕಷ್ಟೇ ನಮ್ಮ ಲೆಕ್ಕ. ಅವೆಲ್ಲದರ ಒಟ್ಟು ಅವಧಿ ಸರಿಸುಮಾರು 25 ಗಂಟೆ. ವಾರಕ್ಕೆರಡರಂತೆ ಐದು ವಾರಾಂತ್ಯಗಳಲ್ಲಿ ಮುಗಿಯುತ್ತದೆ. ನಟನೆ, ಚಿತ್ರಕಥೆ, ಛಾಯಾಗ್ರಹಣಗಳ ಸ್ಪರ್ಧೆಯಲ್ಲೂ ಬಹುಪಾಲು ಇವೇ ಚಿತ್ರಗಳು ಇರುವುದರಿಂದ ಸಮಾರಂಭದ ರಾತ್ರಿ ಕಕ್ಕಾಬಿಕ್ಕಿಯಾಗಿ ಕೂರಬೇಕಾಗುವುದಿಲ್ಲ.

ಮೊದಲು ಚಿತ್ರಮಂದಿರದಲ್ಲಿ ಮಾತ್ರ ಸಿಗುವವನ್ನು ಮುಗಿಸಬೇಕು. ಒಟಿಟಿಯಲ್ಲಿ ಇರುವವು ಎಲ್ಲಿಗೂ ಓಡಿಹೋಗುವುದಿಲ್ಲ. ಹಿಂದಿನ ವರ್ಷ ನಾನು ಇದನ್ನು ತಿರುಗಾಮುರುಗಾ ಮಾಡಿ ಒಂದು ಚಿತ್ರವನ್ನು ಕೊನೆಯ ವಾರಕ್ಕೆ ಉಳಿಸಿಕೊಂಡಿದ್ದೆ. ಅಷ್ಟರಲ್ಲಿ ಊರಿನಲ್ಲಿ ಉಳಿದಿದ್ದು ಬುಧವಾರ ಬೆಳಿಗ್ಗೆ 11ರ ಒಂದೇ ಆಟ, ಆ ಹೊತ್ತಿಗೆ ನಾನು ಕಚೇರಿಯಲ್ಲಿರುತ್ತೇನೆ. ಕೆಲಸದ ದಿನದ ರಾತ್ರಿಗೆ ಎರಡು ಗಂಟೆಯ ‘ಕಾನ್‌ಕ್ಲೇವ್’ ಸರಿಹೋಗುತ್ತದೆ, ಅದಕ್ಕಿಂತ ಉದ್ದವಾದರೆ ನಾನಂತೂ ಸೋಫಾದಲ್ಲೇ ನಿದ್ದೆಹೋಗುತ್ತೇನೆ. ಮೂರು ಗಂಟೆ 35 ನಿಮಿಷದ ‘ದಿ ಬ್ರೂಟಲಿಸ್ಟ್’ಗೆ ಶನಿವಾರದ ಮಧ್ಯಾಹ್ನವನ್ನೇ ಮೀಸಲಿಟ್ಟೆವು.

ಆ ಚಿತ್ರದ ನಡುವೆ 15 ನಿಮಿಷಗಳ ವಿರಾಮವಿದೆ. ತೆರೆಯ ಮೇಲೆ ನಿಮಿಷಗಳು ಇಳಿಯುತ್ತಿದ್ದಾಗ ಜನ ಅದನ್ನೊಂದು ಅಪರೂಪದ ಸಂಗತಿಯೆಂಬಂತೆ ನೋಡುತ್ತಿದ್ದರು. ನಮ್ಮಲ್ಲಿ ಎಲ್ಲ ಸಿನಿಮಾಕ್ಕೂ ಇಂಟರ್ವಲ್ ಇರುತ್ತದೆ ಎಂದು ನಾನು ತುಸು ಜಂಬದಿಂದಲೇ ಹೇಳಿದೆ. ಪಾಪ್‌ಕಾರ್ನ್ ಪೊಟ್ಟಣವನ್ನು ನನ್ನತ್ತ ಸರಿಸುತ್ತ ಅವರು ಸಹಜವಾಗಿ ಕೇಳಿದರು: “ಹಾಗಾದರೆ ನಿಮ್ಮ ರಾಷ್ಟ್ರ ಪ್ರಶಸ್ತಿಗೆ ಮುಂಚೆ ನೀವು ಯಾವ ಯಾವ ಸಿನಿಮಾ ನೋಡುತ್ತೀರಿ?”

ನನ್ನ ಬಳಿ ಉತ್ತರವಿರಲಿಲ್ಲ. ನಮ್ಮ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ನಾಮನಿರ್ದೇಶನದ ಪಟ್ಟಿಯೇ ಹೊರಬರುವುದಿಲ್ಲ, ಒಂದು ದಿನ ನೇರವಾಗಿ ವಿಜೇತರ ಹೆಸರುಗಳು ಪ್ರಕಟವಾಗುತ್ತವೆ. ಗೆದ್ದ ಕನ್ನಡ ಚಿತ್ರವನ್ನು ಆಮೇಲಾದರೂ ನೋಡೋಣವೆಂದರೆ, ಎಷ್ಟೋ ಸಲ ಅದು ಚಿತ್ರಮಂದಿರದಲ್ಲೂ ಇಲ್ಲ, ಒಟಿಟಿಯಲ್ಲೂ ಇಲ್ಲ. ಸ್ಪರ್ಧೆಯಲ್ಲಿ ಯಾರಿದ್ದರೆಂದು ತಿಳಿಯದೆ ಗೆದ್ದವರಿಗೆ ಚಪ್ಪಾಳೆ ತಟ್ಟುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ.

ದೂರದರ್ಶನ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ ಚಿತ್ರಗಳನ್ನು ತೋರಿಸುತ್ತಿದ್ದ ಕಾಲ ನೆನಪಾಯಿತು. ಊಟ ಮುಗಿಸಿ ಚಾಪೆಯ ಮೇಲೆ ಕುಳಿತು, ಬಂಗಾಳಿಯೋ ಮಲಯಾಳವೋ ಅರ್ಥವಾಗದಿದ್ದರೂ ಇಂಗ್ಲಿಷ್ ಅಡಿಬರಹವನ್ನು ತಡವರಿಸಿ ಓದುತ್ತ, ಕನ್ನಡದ ಸರದಿ ಯಾವ ವಾರ ಬರುತ್ತದೆಂದು ಅಪ್ಪನನ್ನು ಪೀಡಿಸುತ್ತಿದ್ದೆ. ಇದನ್ನು ಅವರಿಗೆ ಹೇಳಬೇಕೆನ್ನುವಷ್ಟರಲ್ಲಿ ತೆರೆಯ ಮೇಲಿನ ಗಡಿಯಾರ ಸೊನ್ನೆಗೆ ಇಳಿದು ದೀಪಗಳು ಆರಿದವು.