ಬಿಸಿಲಿಗೂ ತೆರಿಗೆ!

"ಖರೇನೇನೋ ಇದು?" ಅಂತ ಕಾಕಾ ಮನೆ ಗ್ರೂಪಿಗೆ ಒಂದು ಸ್ಕ್ರೀನ್‌ಶಾಟ್ ಹಾಕಿದ್ದರು. ಕೆಂಪು ಪಟ್ಟಿ, ದಪ್ಪ ಅಕ್ಷರ: 'ಕಲಬುರಗಿ ಬಿಸಿಲಿಗೆ ನಾಳೆಯಿಂದ ತೆರಿಗೆ'. ಇಲ್ಲಿ ಮೇ ತಿಂಗಳಲ್ಲಿ 42 ಡಿಗ್ರಿ ಸುಡುವಾಗ ಏನನ್ನೂ ನಂಬಬಹುದು ಬಿಡಿ.

ದೊಡ್ಡದು ಮಾಡಿ ನೋಡಿದೆ. ಮೂಲೆಯ ಗಡಿಯಾರದಲ್ಲಿ 25:70. ಚಾನೆಲ್ ಹೆಸರು 'ಬರೀ ಸುಳ್ಳು'. ಕೆಳಗಿನ ಸಣ್ಣ ಸಾಲಿನಲ್ಲಿ 'ನೆರಳಲ್ಲಿ ನಿಂತವರಿಗೆ ಸಬ್ಸಿಡಿ'. ಮಾಡಿದವನು ಪಾಪ, ತಮಾಷೆ ಅಂತ ಮೂರು ಕಡೆ ಹೇಳಿದ್ದಾನೆ.

ಸಂಜೆ ಅದೇ ಚಿತ್ರ ಇನ್ನೊಂದು ಗ್ರೂಪಿಗೂ ಬಂತು. ಯಾರೋ ಮೇಲೂ ಕೆಳಗೂ ಕತ್ತರಿಸಿದ್ದರು. ಗಡಿಯಾರ ಇಲ್ಲ, ಹೆಸರಿಲ್ಲ, ಸಣ್ಣ ಸಾಲೂ ಇಲ್ಲ. ಉಳಿದದ್ದು ತೆರಿಗೆ ಮಾತ್ರ! ಈಗ ಅದು ಜೋಕ್ ಅಂತ ಹೇಗೆ ಗೊತ್ತಾಗಬೇಕು, ಅಲ್ವಾ?

ಕಾಕಾಗೆ ಎಲ್ಲ ಬಿಡಿಸಿ ಹೇಳಿದೆ. "ಹಂಗಾದ್ರ ಸಬ್ಸಿಡಿನೂ ಇಲ್ಲೇನು?" ಅಂದರು.