ಪೆಂಡಿಂಗ್ ಲಿಸ್ಟ್ ದಿನಾ ನೂರೇ ಯಾಕೆ?

ಮಂಡ್ಯದ ನಮ್ಮ ಪಂಪ್‌ಸೆಟ್ ಸರ್ವಿಸ್ ಆಫೀಸಿನಲ್ಲಿ ಬೆಳಿಗ್ಗೆ ಒಂದು ಸ್ಕ್ರಿಪ್ಟ್ ಓಡುತ್ತದೆ. ದೂರುಗಳ ಸಾಫ್ಟ್‌ವೇರ್‌ನಿಂದ ಬಾಕಿ ಇರುವುದನ್ನೆಲ್ಲ ಎಳೆದು ಮೆಕ್ಯಾನಿಕ್‌ಗಳ ಮೊಬೈಲಿಗೆ ಕಳಿಸೋದು ಅದರ ಕೆಲಸ. ಎರರ್ ಅಂತ ಒಂದು ದಿನವೂ ಬಂದಿರಲಿಲ್ಲ.

ಬೇಸಿಗೆಯಲ್ಲಿ ಒಂದಿನ ಕೌಂಟರಿನ ನಾಗರಾಜಣ್ಣ ಬಂದು, "ಮಳವಳ್ಳಿ ಕಡೆಯೋರು ಮತ್ತೆ ಫೋನ್ ಮಾಡಿ ಬೈದ್ರು ಸಾರ್, ಲಿಸ್ಟಲ್ಲಿ ಅವರ ಹೆಸರೇ ಇಲ್ವಲ್ಲ" ಅಂದರು. ಸಾಫ್ಟ್‌ವೇರ್‌ನಲ್ಲಿ ಹುಡುಕಿದರೆ ದೂರು ಇದೆ, ಇನ್ನೂ ಓಪನ್ ಆಗಿಯೇ ಇದೆ.

ಲಿಸ್ಟಿನಲ್ಲಿ ಎಷ್ಟಿವೆ ಅಂತ ಎಣಿಸಿದೆ. ಸರಿಯಾಗಿ 100. ಹಿಂದಿನ ದಿನವೂ 100. ಹಿಂದಿನ ದಿನದ ಬಾಕಿಗೆ ಹೊಸದನ್ನು ಕೂಡಿಸಿ, ಮುಗಿದದ್ದನ್ನು ಕಳೆದರೆ ಇವತ್ತಿನ ಬಾಕಿ ಬರಬೇಕು ಅಲ್ವಾ? ಹೊಸದು 9, ಮುಗಿದದ್ದು 21, ಅಂದರೆ 88 ಇರಬೇಕಿತ್ತು. ಕೈಯಿಂದ ಕೇಳಿ ನೋಡಿದೆ:

```
curl -s -D - -o /dev/null "$URL?status=open&per_page=500"
```

ಉತ್ತರ 200, ಎಲ್ಲ ಸರಿ ಅನ್ನೋ ಹಾಗೆ. ಆದರೆ ಹೆಡರ್‌ನಲ್ಲಿ ಒಂದು ಸಾಲು:

```
link: <...&per_page=100&page=2>; rel="next"
```

ನಾವು ಕೇಳಿದ್ದು 500, ಸರ್ವರ್ ಅದನ್ನು ಸುಮ್ನೆ 100 ಮಾಡಿಕೊಂಡಿದೆ. ಪುಟಕ್ಕೆ ಮಿತಿ ಇರೋದು ವಿಚಿತ್ರವೇನಲ್ಲ, ಗಿಟ್‌ಹಬ್ ಎಪಿಐಯಲ್ಲೂ ಗರಿಷ್ಠ 100, ಏನೂ ಹೇಳದಿದ್ದರೆ 30.

ಮಜಾ ಅಂದರೆ ಸ್ಕ್ರಿಪ್ಟ್‌ನಲ್ಲಿ ಮುಂದಿನ ಪುಟ ಕೇಳುವ ಲೂಪ್ ಇತ್ತು. ಯಾವಾಗ ನಿಲ್ಲಬೇಕು? 500ಕ್ಕಿಂತ ಕಡಿಮೆ ಬಂದರೆ ಅದೇ ಕೊನೆಯ ಪುಟ ಅಂತ ಬರೆದಿದ್ದರು. 100 ಬಂತು, ಕಡಿಮೆಯೇ, ನಿಂತಿತು. ಪುಟ 2ರಲ್ಲಿ ಇನ್ನೂ 100, ಪುಟ 3ರಲ್ಲಿ 37 ಕಾದಿದ್ದವು. ಹೊಸದು ಮೊದಲು ಅನ್ನೋ ಕ್ರಮ ಬೇರೆ, ಹಾಗಾಗಿ ಬಿಟ್ಟುಹೋಗಿದ್ದವು ಎಲ್ಲಕ್ಕಿಂತ ಹಳೆಯ ದೂರುಗಳೇ!

ಬರೀ ಪುಟ ತಿರುವುತ್ತಾ ಹೋದರೂ ಸಾಲದು. ಪುಟ 1 ಓದಿದ ಮೇಲೆ ಅದರಲ್ಲೊಂದು ದೂರು ಮುಗಿದರೆ ಉಳಿದವೆಲ್ಲ ಒಂದು ಸ್ಥಾನ ಮೇಲೆ ಜರುಗುತ್ತವೆ, ಪುಟ 2ರ ಮೊದಲನೆಯದು ಪುಟ 1ಕ್ಕೆ ಹೋಗಿ ಕಣ್ಣಿಗೇ ಬೀಳಲ್ಲ. ಅದಕ್ಕೇ ಈಗ ಹಳೆಯ ನಂಬರ್‌ನಿಂದ ಶುರುಮಾಡಿ, ಕೊನೆಗೆ ಸಿಕ್ಕ ನಂಬರಿನ ನಂತರದ್ದನ್ನು ಕೊಡು ಅಂತ ಕೇಳುತ್ತೇವೆ. ಖಾಲಿ ಪುಟ ಬಂದಾಗ ಮಾತ್ರ ನಿಲ್ಲಿಸುತ್ತೇವೆ.

ಆ ಕೂಡಿ ಕಳೆಯುವ ಲೆಕ್ಕವನ್ನೂ ಸ್ಕ್ರಿಪ್ಟ್‌ಗೆ ಸೇರಿಸಿದೆ, ತಾಳೆಯಾಗದಿದ್ದರೆ ಲಿಸ್ಟ್ ಹೋಗಲ್ಲ, ನನಗೆ ಮೆಸೇಜ್ ಬರುತ್ತೆ. ಮುಗಿದ ದೂರನ್ನು ಯಾರಾದರೂ ಮತ್ತೆ ತೆರೆದರೆ ಅದನ್ನೂ ಕೂಡಿಸಬೇಕು, ಇಲ್ಲದಿದ್ದರೆ ಸುಳ್ಳು ಗಂಟೆ ಹೊಡೆಯುತ್ತೆ. ಮೊದಲ ವಾರ ಅದೇ ಕಾಟ ಆಗಿತ್ತು.