‘ಮೂಲ’ ಎಂಬ ಒಂದು ಶಬ್ದ

ದೇವಿಮನೆ ಘಟ್ಟ ಇಳಿಯುವಷ್ಟರಲ್ಲಿ ಬಸ್ಸಿನ ಕಿಟಕಿಯ ಸಂದಿಯಿಂದ ನೀರು ಒಳಗೆ ಬರತೊಡಗಿತ್ತು. ಕಂಡಕ್ಟರ್ ಅದಕ್ಕೆ ಹಳೆ ಟಿಕೆಟ್ ಸುರುಳಿ ತುರುಕಿದ. ಒಂದು ಹಾಳೆ ಓದಲಿಕ್ಕೆ ಶಿರಸಿಯಿಂದ ಕಾರವಾರದವರೆಗೆ ಹೋಗುತ್ತಿದ್ದೇನೆ ಎಂದರೆ ಪಕ್ಕದ ಸೀಟಿನವರು ನಗುತ್ತಿದ್ದರು. ಹಾಗಾಗಿ ಮಗಳ ಮನೆಗೆ ಅಂದೆ.

ನಾನು ಶಾಲೆಯಲ್ಲಿ ಅಕ್ಕೋರಾಗಿದ್ದವಳು. ನಿವೃತ್ತಿಯಾದ ಮೇಲೆ ಪ್ರೂಫ್ ನೋಡುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಾರವಾರದ ಕೋರ್ಟ್ ಹತ್ತಿರ ಸಣ್ಣ ಕೋಣೆಯಲ್ಲಿ ಅನುವಾದದ ಕೆಲಸ ಮಾಡುತ್ತಾನೆ. ಕಾಣಕೋಣ ಕಡೆಯ ಒಂದು ಜಮೀನಿನ ಕೇಸಿಗೆ 1949ರ ಕನ್ನಡ ವಾಟ್ನಿ ಪತ್ರವೊಂದನ್ನು, ಅಂದರೆ ಮನೆಯವರು ಆಸ್ತಿ ಪಾಲು ಮಾಡಿಕೊಂಡ ಪತ್ರವನ್ನು, ಅವನು ಇಂಗ್ಲಿಷಿಗೆ ಮಾಡಿಕೊಟ್ಟಿದ್ದ. ಗೋವಾದ ಕೋರ್ಟಿನಲ್ಲಿ ನಮ್ಮ ಕನ್ನಡ ಕಾಗದ ಹಾಗೇ ಇಟ್ಟರೆ ಓದುವವರು ಯಾರು? ಅನುವಾದವನ್ನು ನಾನು ಮನೆಯಲ್ಲೇ ನೋಡಿ ಕಳಿಸಿದ್ದೆ. ಬಾಕಿ ಇದ್ದದ್ದು ಕೊನೆಯ ಪುಟ ಮಾತ್ರ: ‘ಇದು ಸರಿಯಾದ ಅನುವಾದ’ ಎಂದು ಅನುವಾದಕ ಬರೆದು ಸಹಿ ಹಾಕುವ ಪ್ರಮಾಣಪತ್ರ.

"ಅದು ಹತ್ತು ಸಾಲು ಅಕ್ಕೋರೆ, ವಾಟ್ಸಾಪ್‌ನಲ್ಲೇ ನೋಡಿ ಬಿಡಿ" ಅಂದಿದ್ದ.

ನೋಡಿದೆ. ವ್ಯಾಕರಣದ ತಪ್ಪು ಒಂದೂ ಇರಲಿಲ್ಲ. ಕಾಗುಣಿತವೂ ಸರಿ. ಆದರೆ ಈ ಪುಟ ಸರಿಯೋ ತಪ್ಪೋ ಎಂಬುದು ಆ ಪುಟದೊಳಗೆ ಗೊತ್ತಾಗುವುದಿಲ್ಲ. ‘ಆರು ಪುಟ’ ಅಂತ ಬರೆದಿದ್ದರೆ ಎಣಿಸಲಿಕ್ಕೆ ಎದುರಿಗೆ ಕಾಗದ ಬೇಕು. ಹಾಗಾಗಿ ಬಸ್ಸು ಹತ್ತಿದ್ದು.

ಅವನ ಕೋಣೆಯಲ್ಲಿ ಒದ್ದೆ ಕೊಡೆಗಳ ವಾಸನೆ. ಗೋವಾಕ್ಕೆ ಹೊರಡಬೇಕಿದ್ದ ವಕೀಲರು ಆಗಲೇ ಬಂದು ಕುಳಿತಿದ್ದರು. ನಾನು ಪೆನ್ಸಿಲ್ ತೆಗೆದೆ. ಅನುವಾದದ ಮೇಲೆ ಕೆಂಪು ಪೆನ್ನಿನಲ್ಲಿ ತಿದ್ದುತ್ತೇನೆ, ಪ್ರಮಾಣಪತ್ರದ ಮೇಲೆ ಮಾತ್ರ ಪೆನ್ಸಿಲ್. ತಿದ್ದುವುದೂ ಇಲ್ಲ, ಬದಿಗೆ ಪ್ರಶ್ನೆ ಬರೆಯುತ್ತೇನೆ. ಅದರಲ್ಲಿರುವ ‘ನಾನು’ ಅವನು, ನಾನಲ್ಲ. ನಾಳೆ ಕಟಕಟೆಯಲ್ಲಿ ನಿಲ್ಲಿಸಿ ಕೇಳಿದರೆ ಉತ್ತರ ಹೇಳಬೇಕಾದವನೂ ಅವನೇ.

ಮೊದಲ ಮೂರು ಪ್ರಶ್ನೆ ಬೇಗ ಮುಗಿದವು. ‘ಸರ್ಟಿಫೈಡ್ ಟ್ರಾನ್ಸ್‌ಲೇಟರ್’ ಎಂದು ಹಾಕಿಕೊಂಡಿದ್ದ. ಸರ್ಟಿಫೈ ಮಾಡಿದ್ದು ಯಾರು ಎಂದು ಕೇಳಿದೆ. ಯಾರೂ ಇಲ್ಲ. ಇಂಗ್ಲಿಷ್ ಎಂ.ಎ. ಮಾಡಿದ್ದಾನೆ, ಹನ್ನೊಂದು ವರ್ಷದಿಂದ ಅನುವಾದ ಮಾಡುತ್ತಿದ್ದಾನೆ. ಅಷ್ಟನ್ನೇ ಬರೆದರೆ ಸಾಕು ಅಲ್ವಾ?

ಎರಡನೆಯದು, ಕೆಳಗೆ ಸಣ್ಣ ಅಕ್ಷರದಲ್ಲಿ ‘8 ಸಿಎಫ್‌ಆರ್ 103.2(ಬಿ)(3) ಪ್ರಕಾರ’ ಎಂದಿತ್ತು. ಅದು ಅಮೆರಿಕದ ವಲಸೆ ಇಲಾಖೆಗೆ ಕೊಡುವ ಕಾಗದಗಳ ನಿಯಮ. ಅನುವಾದ ಪೂರ್ತಿ ಇದೆ, ಸರಿ ಇದೆ, ಅನುವಾದಿಸುವ ಸಾಮರ್ಥ್ಯ ತನಗಿದೆ ಎಂದು ಅನುವಾದಕ ಬರೆದುಕೊಡಬೇಕು ಅನ್ನುತ್ತದೆ. ಯಾರದೋ ಗ್ರೀನ್ ಕಾರ್ಡಿಗೆ ಜನನ ದಾಖಲೆ ಮಾಡಿಕೊಟ್ಟಾಗ ಬಳಸಿದ ಹಾಳೆ, ಅದನ್ನೇ ನಕಲು ಮಾಡಿಕೊಂಡಿದ್ದ. ಮಾಜಾಳಿ ಗಡಿ ದಾಟಿ ಹೋಗುವ ಕಾಗದಕ್ಕೆ ಅಮೆರಿಕದ ನಿಯಮ! ವಕೀಲರು ನಕ್ಕರು. ನಗುವಂಥದ್ದೇ, ಆದರೆ ಎದುರಿನ ವಕೀಲರೂ ನಗುತ್ತಾರೆ.

ಮೂರನೆಯದು ಅವನದೇ ಹೆಸರು. ಆಧಾರ್ ಕಾರ್ಡಿನಲ್ಲಿ ನಾಯ್ಕ, ಪ್ರಮಾಣಪತ್ರದಲ್ಲಿ ಸಹಿಯ ಕೆಳಗೆ ನಾಯಕ. ಇಂಗ್ಲಿಷಿನಲ್ಲಿ ‘ಐ’ ಇರುವಲ್ಲಿ ‘ವೈ’ ‘ಎ’ ಬಿದ್ದಿತ್ತು. ಬೇರೆ ಜಿಲ್ಲೆಯವರಿಗೆ ಇದು ಕೈತಪ್ಪು ಅನ್ನಿಸಬಹುದು. ನಮ್ಮಲ್ಲಿ ನಾಯ್ಕ ಬೇರೆ ಮನೆ, ನಾಯಕ ಬೇರೆ ಮನೆ. ಅನುವಾದದೊಳಗೆ ಬರುವ ನಾಲ್ಕು ನಾಯ್ಕರ ಹೆಸರನ್ನು ಅವನು ಸರಿಯಾಗಿಯೇ ಬರೆದಿದ್ದ, ಎಡವಿದ್ದು ತನ್ನ ಹೆಸರಿನಲ್ಲಿ. ಸ್ವಂತ ಹೆಸರನ್ನು ಯಾರೂ ಅಕ್ಷರ ಅಕ್ಷರ ಓದುವುದಿಲ್ಲ.

ಆಮೇಲೆ ಬಂದದ್ದು ‘ಲಗತ್ತಿಸಿದ ಆರು ಪುಟಗಳ ಮೂಲ ದಸ್ತಾವೇಜಿನ ಪೂರ್ಣ ಮತ್ತು ನಿಖರ ಅನುವಾದ’ ಎಂಬ ಸಾಲು. ಇಂಗ್ಲಿಷಿನಲ್ಲಿ ‘ಒರಿಜಿನಲ್’ ಅಂತಿತ್ತು.

"ಮೂಲ ಎಲ್ಲಿದೆ, ಕೊಡು ನೋಡೋಣ" ಅಂದೆ.

ಅವನು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ತಂದ ದೃಢೀಕೃತ ನಕಲನ್ನು ಮುಂದಿಟ್ಟ. ಎಣಿಸಿದೆ, ಏಳು ಪುಟ. ಕೊನೆಯ ಪುಟದ ಗುಂಡು ಮುದ್ರೆಯ ಕೆಳಗೆ ನಕಲು ಕೊಟ್ಟ ತಾರೀಕು ಜೂನ್ 12. ಪ್ರಮಾಣಪತ್ರದ ತಾರೀಕು ಜೂನ್ 9.

"ಹನ್ನೆರಡಕ್ಕೆ ಹುಟ್ಟಿದ ಕಾಗದವನ್ನು ಒಂಬತ್ತಕ್ಕೆ ಹೇಗೆ ಅನುವಾದ ಮಾಡಿದೆ ತಮ್ಮಾ?"

ಆಗ ಹೊರಗೆ ಬಂತು. ಅವಸರಕ್ಕೆ ಕೇಸಿನ ಮನೆಯವರು ಮೊದಲು ಹಳೇ ವಾಟ್ನಿ ಪತ್ರದ ಫೋಟೋ ಕಳಿಸಿದ್ದರು. ಅದನ್ನು ನೋಡಿಯೇ ಇಡೀ ಅನುವಾದ ಆಗಿತ್ತು. ನಕಲು ಕೈಗೆ ಬಂದ ಮೇಲೆ ಅದನ್ನು ಹಿಂದೆ ಪಿನ್ ಹಾಕಿದ್ದ, ಅಷ್ಟೆ. ಎರಡೂ ಒಂದೇ ಅಲ್ವಾ ಎಂದು.

ಒಂದೇ ಅಲ್ಲ. 1949ರಲ್ಲಿ ನಮ್ಮ ಕಚೇರಿಗಳಲ್ಲಿ ಜೆರಾಕ್ಸ್ ಇರಲಿಲ್ಲ. ನೋಂದಣಿಗೆ ಬಂದ ಪತ್ರವನ್ನು ಕಚೇರಿಯ ಗುಮಾಸ್ತ ದಪ್ಪ ಪುಸ್ತಕದಲ್ಲಿ ಕೈಯಿಂದ ಬರೆದುಕೊಂಡು, ಪತ್ರವನ್ನು ಮನೆಯವರಿಗೆ ವಾಪಸ್ ಕೊಡುತ್ತಿದ್ದ. ಇವತ್ತು ನಾವು ದೃಢೀಕೃತ ನಕಲು ಕೇಳಿದರೆ ಸಿಗುವುದು ಆ ಪುಸ್ತಕದ ನಕಲು. ಅಂದರೆ ಗುಮಾಸ್ತನ ಅಕ್ಷರ, ಗುಮಾಸ್ತನ ಕೈತಪ್ಪು. ನೋಂದಣಿಯಾದ ಮೇಲೆ ಮನೆಯ ಪತ್ರದ ಮೇಲೆ ಯಾರಾದರೂ ಏನಾದರೂ ಗೀಚಿದ್ದರೆ ಅದು ಪುಸ್ತಕದಲ್ಲಿ ಇರುವುದಿಲ್ಲ.

"ಫೋಟೋ ತೋರಿಸು" ಅಂದೆ. ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿದೆವು. ಮನೆಯ ಪತ್ರದ ಕೊನೆಯ ಹಾಳೆಯ ಬೆನ್ನಿಗೆ, ಕೆಳಗಡೆ, ಬೇರೆ ಶಾಯಿಯಲ್ಲಿ ಒಂದು ಸಾಲು. ಮೇಲೆ ಉದ್ದಕ್ಕೆ ಎಳೆದ ಗೆರೆ, ಅದಕ್ಕೆ ಜೋತುಬಿದ್ದ ಹಾಗೆ ಪೆನ್ನೆತ್ತದೆ ಬರೆದ ಸುತ್ತು ಸುತ್ತು ಅಕ್ಷರ. ಮೋಡಿ ಲಿಪಿ, ಅಂದರೆ ಮರಾಠಿಯನ್ನು ಹಿಂದೆ ಓಟದಲ್ಲಿ ಬರೆಯುತ್ತಿದ್ದ ಲಿಪಿ. ನಮ್ಮ ಜಿಲ್ಲೆ 1956ರವರೆಗೆ ಮುಂಬಯಿಗೆ ಸೇರಿತ್ತು, ಹಳೆಯ ಮನೆಗಳಲ್ಲಿ ಇಂಥ ಕಾಗದ ಸಿಗುವುದು ಹೊಸತಲ್ಲ.

"ಇದನ್ನು ಏನು ಮಾಡಿದೆ?"

"ಓದಲಿಕ್ಕೆ ಬರಲಿಲ್ಲ. ಬಿಟ್ಟೆ."

"ಬಿಟ್ಟದ್ದನ್ನು ಎಲ್ಲಿಯಾದರೂ ಹೇಳಿದ್ದೀಯಾ?"

ಮಾತಾಡಲಿಲ್ಲ. ‘ಪೂರ್ಣ ಅನುವಾದ’ ಎಂದು ಕೆಳಗೆ ಅವನದೇ ಸಹಿ ಬೀಳುವುದಿತ್ತು. ಓದಲಾಗದ ಸಾಲಿದ್ದರೆ ನಾಚಿಕೆಪಡುವಂಥದ್ದೇನಿಲ್ಲ. ಚೌಕ ಕಂಸದಲ್ಲಿ ‘ಇಲ್ಲಿ ಮೋಡಿ ಲಿಪಿಯ ಒಂದು ಸಾಲಿದೆ, ಅನುವಾದಿಸಿಲ್ಲ’ ಎಂದು ಬರೆದು, ಪ್ರಮಾಣಪತ್ರದಲ್ಲೂ ಅದನ್ನೇ ಹೇಳಿದರೆ ಆಯಿತು. ಸುಮ್ನೆ ಬಿಟ್ಟು ‘ಪೂರ್ಣ’ ಅಂದರೆ ಮಾತ್ರ ಸುಳ್ಳಾಗುತ್ತದೆ.

ಈಗ ತೀರ್ಮಾನ ಮಾಡಬೇಕಾದವರು ವಕೀಲರು. ಕೋರ್ಟಿಗೆ ಹೋಗುವುದು ಯಾವ ಕಾಗದ? ಮನೆಯ ಪತ್ರ ಇನ್ನೊಬ್ಬ ದಾಯಾದಿಯ ಕೈಯಲ್ಲಿತ್ತು, ಅವರು ಕೊಡುವವರಲ್ಲ. ಹಾಗಾಗಿ ದೃಢೀಕೃತ ನಕಲೇ ಹೋಗುವುದು ಅಂದರು. ಸರಿ, ಹಾಗಾದರೆ ಅನುವಾದವೂ ಆ ನಕಲಿನದ್ದೇ ಆಗಬೇಕು. ಪ್ರಮಾಣಪತ್ರದಲ್ಲಿ ‘ಮೂಲ’ ತೆಗೆದು ‘ದೃಢೀಕೃತ ನಕಲು’ ಎಂದು ಬರೆದರೆ ಮುಗಿಯಲಿಲ್ಲ. ಬರೆದದ್ದು ನಿಜವಾಗಬೇಕಾದರೆ ನಕಲನ್ನು ಎದುರಿಗಿಟ್ಟು ಮೊದಲಿನಿಂದ ಓದಬೇಕು.

ಓದಿದೆವು. ಅವನು ನಕಲಿನಿಂದ ಕನ್ನಡ ಗಟ್ಟಿಯಾಗಿ ಓದುವುದು, ನಾನು ಇಂಗ್ಲಿಷ್ ಸಾಲಿನ ಮೇಲೆ ಬೆರಳಿಟ್ಟು ಹೋಗುವುದು. ವಕೀಲರು ಎರಡು ಸಲ ಚಾ ತರಿಸಿದರು. ನಾಲ್ಕನೇ ಪುಟದಲ್ಲಿ ಬೆರಳು ನಿಂತಿತು. ಗದ್ದೆಯ ಅಳತೆ. ನಮ್ಮ ಕಡೆ ಎಕರೆ, ಗುಂಟೆ, ಆಣೆ ಎಂದು ಮೂರು ಅಂಕಿ ಬರೆಯುತ್ತಾರೆ, ಹದಿನಾರು ಆಣೆಗೆ ಒಂದು ಗುಂಟೆ. ಇಂಗ್ಲಿಷಿನಲ್ಲಿ 0-12-9 ಎಂದಿತ್ತು. ಅವನು ಓದಿದ್ದು ಸೊನ್ನೆ, ಹನ್ನೆರಡು, ಆರು. ಫೋಟೋ ತೆಗೆದು ನೋಡಿದರೆ ಮನೆಯ ಪತ್ರದಲ್ಲಿ ೯, ನಕಲಿನಲ್ಲಿ ೬. ಕನ್ನಡದ ಈ ಎರಡು ಅಂಕಿಗಳು ಅಣ್ಣತಮ್ಮಂದಿರಿದ್ದ ಹಾಗೆ, ಬಾಲ ಯಾವ ಕಡೆ ತಿರುಗಿತು ಎನ್ನುವುದರ ಮೇಲೆ ಎಲ್ಲ. ಗುಮಾಸ್ತನ ಕೈ ತಿರುಗಿತೋ, ಮನೆಯ ಪತ್ರದಲ್ಲೇ ಯಾರಾದರೂ ತಿದ್ದಿದರೋ, ನಮಗೆ ಹೇಳಲಾಗದು.

"9 ಸರಿ ಅನಿಸ್ತದೆ ಅಕ್ಕೋರೆ, ಬೇರೆ ಹಿಸ್ಸೆ ಕೂಡಿಸಿದರೆ 9 ಬಂದರೇ ಮೊತ್ತ ತಾಳೆಯಾಗ್ತದೆ."

ತಾಳೆಯಾಗುವುದು ಹೌದು, ನಾನೂ ಕೂಡಿಸಿ ನೋಡಿದೆ. ಆದರೆ ಲೆಕ್ಕ ತಿದ್ದುವುದು ಅನುವಾದಕನ ಕೆಲಸವಲ್ಲ. ಮುಂದಿರುವ ಕಾಗದದಲ್ಲಿ 6 ಇದ್ದರೆ ಇಂಗ್ಲಿಷಿನಲ್ಲೂ 6. ಮೊತ್ತ ತಪ್ಪಿದರೆ ತಪ್ಪಿದ ಮೊತ್ತವನ್ನೇ ಹಾಗೇ ಅನುವಾದಿಸಬೇಕು. ವ್ಯತ್ಯಾಸ ಇದೆ ಎಂದು ವಕೀಲರಿಗೆ ಹೇಳಿದೆವು. ಅವರು ಡೈರಿಯಲ್ಲಿ ಬರೆದುಕೊಂಡರು, ಮೋಡಿ ಸಾಲಿನ ವಿಷಯವನ್ನೂ. ಆ ಸಾಲು ಬೇಕೆಂದಾದರೆ ಮೋಡಿ ಬಲ್ಲವರಿಂದ ಓದಿಸಿ, ಅವರದೇ ಬೇರೆ ಪ್ರಮಾಣಪತ್ರ ತರಬೇಕಾಗುತ್ತದೆ. ಇವನ ಸಹಿಯ ಕೆಳಗೆ ಅದು ಬರುವ ಹಾಗಿಲ್ಲ.

ಇನ್ನೊಂದು ಉಳಿದಿತ್ತು. ನಕಲಿನ ಕೊನೆಯಲ್ಲಿ ಗುಂಡು ಮುದ್ರೆ, ಫೀ ಜಮಾ ಆದ ಸಾಲು, ನಕಲು ಮಾಡಿದವರು ಮತ್ತು ಹೋಲಿಸಿ ನೋಡಿದವರು ಸಹಿ ಹಾಕಿದ ಜಾಗ. ಫೋಟೋದಲ್ಲಿ ಇವು ಇರಲೇ ಇಲ್ಲ, ಆದ್ದರಿಂದ ಅನುವಾದದಲ್ಲೂ ಇರಲಿಲ್ಲ. ಏಳನೇ ಪುಟ ಪೂರ್ತಿ ಹೊಸದಾಗಿ ಸೇರಿತು. ‘ಹೋಲಿಸಿ ನೋಡಿದವರು’ ಎಂಬುದನ್ನು ಇಂಗ್ಲಿಷಿಗೆ ಮಾಡುವಾಗ ನನಗೆ ಸ್ವಲ್ಪ ಖುಷಿಯಾಯಿತು. ಆ ಕಚೇರಿಯಲ್ಲೂ ನನ್ನಂಥವರೊಬ್ಬರು ಇದ್ದಾರಲ್ಲ.

ಕೊನೆಗೆ ಅವನು ಹೊಸ ಪ್ರಮಾಣಪತ್ರ ಬರೆದ. ವಾಟ್ನಿ ಪತ್ರ, ನೋಂದಣಿ ನಂಬರ್, ವರ್ಷ, ಯಾವ ತಾರೀಕಿನ ದೃಢೀಕೃತ ನಕಲು, ಏಳು ಪುಟ, ಕನ್ನಡದಿಂದ ಇಂಗ್ಲಿಷಿಗೆ. ಮೊದಲಿನದರಲ್ಲಿ ‘ಲಗತ್ತಿಸಿದ ಆರು ಪುಟಗಳ ಮೂಲ ದಸ್ತಾವೇಜು’ ಎಂದಷ್ಟೇ ಇತ್ತು. ಅಂಥ ಹಾಳೆಯನ್ನು ಬಿಚ್ಚಿ ಯಾವ ಕಾಗದಕ್ಕೆ ಬೇಕಾದರೂ ಪಿನ್ ಹಾಕಬಹುದು. ತಾರೀಕು ಆ ದಿನದ್ದೇ, ಜೂನ್ 14. ಮೊದಲಿನ ಹಾಳೆಗೆ ವೈಟ್‌ನರ್ ಹಚ್ಚಿ ತಾರೀಕು ಬದಲಿಸಿದರೆ ಸಾಕಲ್ಲ ಎಂದು ವಕೀಲರು ಗಡಿಯಾರ ನೋಡುತ್ತ ಕೇಳಿದರು. ನಾನು ಆ ಹಾಳೆಯನ್ನು ನಾಲ್ಕಾಗಿ ಹರಿದು ಬುಟ್ಟಿಗೆ ಹಾಕಿದೆ. ಶಾಲೆಯ ಅಭ್ಯಾಸ, ಏನು ಮಾಡುವುದು.

ನೋಟರಿ ಕೆಳಗಿನ ಅಂಗಡಿ ಸಾಲಿನಲ್ಲೇ ಇದ್ದರು. 1952ರ ನೋಟರಿ ಕಾಯ್ದೆಯ 8ನೇ ಕಲಮು ನೋಟರಿಗೆ ಅನುವಾದ ಮಾಡುವ, ಅನುವಾದವನ್ನು ತಾಳೆ ನೋಡುವ ಅಧಿಕಾರವನ್ನೂ ಕೊಟ್ಟಿದೆ. ಅವರು ಅದಕ್ಕೆ ಹೋಗಲಿಲ್ಲ. ಆಧಾರ್ ನೋಡಿದರು, ತಮ್ಮೆದುರು ಸಹಿ ಹಾಕಿಸಿದರು, ಮುದ್ರೆ ಒತ್ತಿದರು. ಆ ಕೆಂಪು ಮುದ್ರೆ ಹೇಳುವುದು ಸಹಿ ಇವನದು ಎಂದಷ್ಟೇ. ಅನುವಾದ ಸರಿ ಎಂದು ಹೇಳುವವನು ಆಗಲೂ ಇವನೊಬ್ಬನೇ. ಪ್ರತಿ ಪುಟದ ಕೆಳಗೆ ಚಿಕ್ಕ ಸಹಿ ಹಾಕುವಾಗ ಅವನ ಕೈ ನಿಧಾನವಾಗಿತ್ತು. ಸಹಿಯ ಕೆಳಗಿನ ಹೆಸರನ್ನು ಬೆರಳಿಟ್ಟು ಓದಿಕೊಂಡ, ನಾ, ಯ್, ಕ.

ವಾಪಸ್ ಬಸ್ಸು ಅಂಕೋಲೆ ದಾಟುವಾಗ ಅವನ ಮೆಸೇಜ್ ಬಂತು. ವಕೀಲರು ಕಾಣಕೋಣ ಮುಟ್ಟಿದ್ದಾರೆ. ಮೋಡಿ ಸಾಲಿನ ಫೋಟೋವನ್ನು ಬೆಳಗಾವಿಯ ಒಬ್ಬ ಹಿರಿಯರಿಗೆ ಕಳಿಸಿದ್ದಾನೆ, ಕನ್ನಡಕ ಹುಡುಕಿ ನೋಡಿ ಹೇಳುತ್ತೇನೆ ಅಂದಿದ್ದಾರಂತೆ.